ನಡುಹಗಲ ಬಿಸಿಲಲ್ಲಿ ತೆಗೆದ ಕುಟುಂಬದ ಫೋಟೋ: ಮುಖದ ಮೇಲಿನ ಕಪ್ಪು ನೆರಳನ್ನು ಹದಕ್ಕೆ ತರುವುದು

ಪ್ರಶ್ನೆ: ಮನೆಮಂದಿ ಆರು ಜನ ಹುಲ್ಲುಹಾಸಿನ ಮೇಲೆ ನಿಂತು ತೆಗೆಸಿಕೊಂಡ ಫೋಟೋ ಇದು. ಹೊತ್ತು ಮಧ್ಯಾಹ್ನ ಹನ್ನೆರಡೂವರೆ. ಎಲ್ಲರ ಕಣ್ಣೂ ಗುಳಿ ಬಿದ್ದ ಹಾಗಿದೆ, ಮೂಗಿನ ಕೆಳಗೆ ಮೀಸೆ ಬರೆದಂತೆ ನೆರಳು, ಗದ್ದದ ಕೆಳಗೆ ಕತ್ತಲೆ. ಫೋಟೋಶಾಪಿನಲ್ಲಿ Shadows ಅನ್ನು ಪೂರ್ತಿ 100ಕ್ಕೆ ಎಳೆದೆ. ಮುಖಗಳು ಬೂದಿ ಬಳಿದ ಹಾಗಾದವು, ತಂಗಿಯ ಕಪ್ಪು ಕೂದಲೂ ಬೂದು ಬಣ್ಣಕ್ಕೆ ತಿರುಗಿತು. ನೆರಳಿನ ಅಂಚಿಗೆ ಬ್ಲರ್ ಹಾಕಿದರೆ ಚರ್ಮ ಮೇಣದ ಹಾಗಾಯಿತು. RAW ಫೈಲ್ ಇಟ್ಟುಕೊಂಡಿದ್ದೇನೆ. ಅಜ್ಜಿ ಈಗ ಇಲ್ಲ, ಮತ್ತೆ ತೆಗೆಯುವಂತಿಲ್ಲ. ಸರಿಮಾಡಲು ಆಗುತ್ತದೆಯೇ?

ಉತ್ತರ: ಆಗುತ್ತದೆ, ಆದರೆ ಒಂದು ಸ್ಲೈಡರ್ ಎಳೆದು ಅಲ್ಲ. RAW ಇದೆ ಅಂದಿರಲ್ಲ, ಅದು ದೊಡ್ಡ ಸಮಾಧಾನ. ಬರೀ JPEG ಇದ್ದಿದ್ದರೆ ನೆರಳನ್ನು ಒಂದು ಸ್ಟಾಪ್ ಎತ್ತುವಷ್ಟರಲ್ಲಿ, ಅಂದರೆ ಬೆಳಕನ್ನು ಇಮ್ಮಡಿ ಮಾಡುವಷ್ಟರಲ್ಲಿ, ಚರ್ಮದ ಮೇಲೆ ಕಲೆಕಲೆಯಾಗಿ ಬಣ್ಣ ಒಡೆಯಲು ಶುರುವಾಗುತ್ತದೆ. ಬಿಸಿಲಲ್ಲಿ ಕಡಿಮೆ ISO ಇಟ್ಟು ತೆಗೆದ RAW ಎರಡು ಸ್ಟಾಪಿನವರೆಗೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ನಮಗೆ ಅಷ್ಟು ಬೇಕಾಗುವುದೂ ಇಲ್ಲ.

ಮೊದಲು ಆ ಸ್ಲೈಡರ್ ಯಾಕೆ ಕೈಕೊಟ್ಟಿತು ಎನ್ನುವುದನ್ನು ನೋಡೋಣ. ನೆರಳು ಅಂದರೆ ಬೆಳಕು ಕಡಿಮೆಯಾದ ಜಾಗ, ಬೆಳಕು ಹೆಚ್ಚಿಸಿದರೆ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಮೂರರಲ್ಲಿ ಒಂದು ಪಾಲು ಮಾತ್ರ ನಿಜ. ಕೆನ್ನೆಯ ಮೇಲೆ ಬೀಳುವುದು ನೇರ ಬಿಸಿಲು. ಮೂಗಿನ ಕೆಳಗೆ ಆ ಬಿಸಿಲಿಗೆ ದಾರಿಯಿಲ್ಲ, ಅಲ್ಲಿಗೆ ತಲುಪುವುದು ನೀಲಿ ಆಕಾಶದ ಬೆಳಕು. ಗದ್ದದ ಕೆಳಗೆ ಆಕಾಶವೂ ಕಾಣುವುದಿಲ್ಲ, ಅಲ್ಲಿರುವುದು ನೆಲದಿಂದ ಪುಟಿದು ಬಂದ ಬೆಳಕು. ನಿಮ್ಮ ನೆಲ ಹುಲ್ಲು, ಹಾಗಾಗಿ ಆ ಬೆಳಕಿಗೆ ಹಸಿರು ಛಾಯೆ. ಹೀಗೆ ಒಂದೇ ಮುಖದ ಮೇಲೆ ಮೂರು ಬಣ್ಣದ ಬೆಳಕು ಕೂತಿದೆ. ನೆರಳು ಗಾಢವಾಗಿದ್ದಾಗ ಈ ಬಣ್ಣಗಳು ಕಣ್ಣಿಗೆ ತೋರುವುದಿಲ್ಲ. Shadows ಎಳೆದ ಕೂಡಲೇ ಮುಚ್ಚಿಕೊಂಡಿದ್ದ ನೀಲಿ, ಹಸಿರು ಹೊರಗೆ ಬರುತ್ತವೆ. ಮುಖಕ್ಕೆ ಬೂದಿ ಬಳಿದ ಹಾಗೆ ಕಂಡದ್ದು ಅದೇ.

ಇನ್ನೊಂದು ಸಂಗತಿ ಅಂಚಿನದು. ಸೂರ್ಯ ಎಷ್ಟೇ ದೊಡ್ಡವನಾದರೂ ನಮ್ಮ ಕಣ್ಣಿಗೆ ಅವನ ಅಗಲ ಅರ್ಧ ಡಿಗ್ರಿ ಮಾತ್ರ. ಮೂಗಿನ ತುದಿಯಿಂದ ಮೇಲ್ದುಟಿಗೆ ಸುಮಾರು 2 ಸೆಂ.ಮೀ. ದೂರವಿದ್ದರೆ, ಬಿಸಿಲು ಕರಗಿ ನೆರಳಾಗುವ ಪಟ್ಟಿಯ ಅಗಲ 0.2 ಮಿ.ಮೀ. ಆಸುಪಾಸು. ಆರು ಜನರ ಗುಂಪುಚಿತ್ರದಲ್ಲಿ ಒಂದು ಮುಖ 400 ಪಿಕ್ಸೆಲ್ ಎತ್ತರ ಇದೆ ಎಂದಿಟ್ಟುಕೊಳ್ಳಿ, ಆ ಪಟ್ಟಿ ಒಂದು ಪಿಕ್ಸೆಲ್ ಕೂಡ ಬರುವುದಿಲ್ಲ. ಅಂದರೆ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ. ನೆರಳನ್ನು ಎಷ್ಟೇ ತಿಳಿಯಾಗಿಸಿದರೂ ಈ ಗೆರೆ ಉಳಿದಿದ್ದರೆ ನೋಡುವವರಿಗೆ ಅದು ಮಧ್ಯಾಹ್ನದ ಬಿಸಿಲೇ. ಆಳ, ಬಣ್ಣ, ಅಂಚು ಈ ಮೂರನ್ನೂ ಬೇರೆಬೇರೆಯಾಗಿ, ಇದೇ ಕ್ರಮದಲ್ಲಿ ಹಿಡಿಯಬೇಕು.

ಆಳದಿಂದ ಶುರು ಮಾಡಿ. RAW ಅನ್ನು ಫೋಟೋಶಾಪಿನ Camera Raw ಕಿಟಕಿಯಲ್ಲಿ ತೆರೆದು, ನೆರಳಿಗೆ ಕೈಹಾಕುವ ಮೊದಲು ಬಿಸಿಲನ್ನು ಇಳಿಸಿ. ಇದನ್ನು ತುಂಬ ಜನ ಮರೆಯುತ್ತಾರೆ. ನೆರಳು ಕಪ್ಪಗೆ ಕಾಣುವುದು ಪಕ್ಕದ ಹಣೆ, ಕೆನ್ನೆ, ಮೂಗಿನ ತುದಿ ಉರಿಯುತ್ತಿರುವುದರಿಂದ. Exposure ಅನ್ನು -0.30ಕ್ಕೆ ತನ್ನಿ, Highlights ಅನ್ನು -40ರ ಸುತ್ತ ಇಡಿ, Shadows +15 ಅಥವಾ +20 ಸಾಕು, ಅದಕ್ಕಿಂತ ಮೇಲೆ ಹೋಗಬೇಡಿ. ಮುಖಗಳು ಈಗ ಸ್ವಲ್ಪ ಮಂಕಾಗಿ ಕಾಣುತ್ತವೆ, ಗಾಬರಿಯಾಗಬೇಡಿ.

ಈಗ ಅಳತೆ. ಮೌಸ್ ಅನ್ನು ಚಿತ್ರದ ಮೇಲೆ ಓಡಿಸಿದರೆ ಹಿಸ್ಟೋಗ್ರಾಮ್ ಬಳಿ R, G, B ಸಂಖ್ಯೆಗಳು ಬದಲಾಗುತ್ತಿರುತ್ತವೆ. ಒಂದು ಮುಖ ಆರಿಸಿಕೊಂಡು ಬಿಸಿಲಿನ ಕೆನ್ನೆಯಲ್ಲೊಮ್ಮೆ, ಮೂಗಿನ ಕೆಳಗಿನ ನೆರಳಲ್ಲೊಮ್ಮೆ ಓದಿ ಬರೆದುಕೊಳ್ಳಿ. ಉದಾಹರಣೆಗೆ, ಏನನ್ನೂ ಬದಲಿಸದ ಚಿತ್ರದಲ್ಲಿ ಕೆನ್ನೆ R 222, G 176, B 146 ಇದ್ದು, ನೆರಳು R 92, G 74, B 72 ಇದೆ ಎನ್ನಿ. ಕೆಂಪು ಅಂಕಿಗಳನ್ನು ಮಾತ್ರ ನೋಡಿದರೆ 222 ಎಲ್ಲಿ, 92 ಎಲ್ಲಿ! ಬೆಳಕು ಇಮ್ಮಡಿಯಾದರೂ ಅಂಕಿ ಇಮ್ಮಡಿಯಾಗುವುದಿಲ್ಲ, ಹಾಗಾಗಿ ಬೆಳಕಿನ ಲೆಕ್ಕದಲ್ಲಿ ಇದು ಹತ್ತಿರ ಹತ್ತಿರ ಏಳು ಪಟ್ಟು ವ್ಯತ್ಯಾಸ, ಮೂರು ಸ್ಟಾಪಿಗೆ ತುಸು ಕಡಿಮೆ. ಮುಖ ಸಹಜವಾಗಿ, ಆದರೆ ಹೊರಾಂಗಣದ್ದಾಗಿಯೇ ಕಾಣಬೇಕಾದರೆ ಈ ವ್ಯತ್ಯಾಸ ಎರಡೂವರೆ, ಮೂರು ಪಟ್ಟಿಗೆ ಇಳಿಯಬೇಕು. ಬಿಸಿಲಿನ ಕೆನ್ನೆ 200ರ ಹತ್ತಿರಕ್ಕೆ ಬಂದು, ನೆರಳು 128ರ ಹತ್ತಿರಕ್ಕೆ ಏರಿದರೆ ಆ ಲೆಕ್ಕ ಕೂಡುತ್ತದೆ. ಎರಡನ್ನೂ ಸಮ ಮಾಡಲು ಹೋಗಬೇಡಿ, ಸಮವಾದ ಮುಖ ಚಪ್ಪಟೆ ಮುಖ. ಚರ್ಮದ ಬಣ್ಣ ಗಾಢವಾಗಿದ್ದರೆ ಅಂಕಿಗಳು ಕೆಳಗಿರುತ್ತವೆ, ನೀವು ನೋಡಬೇಕಾದ್ದು ಅಂಕಿಯನ್ನಲ್ಲ, ಎರಡರ ನಡುವಿನ ಅನುಪಾತವನ್ನು.

ನೆರಳನ್ನು ಏರಿಸುವುದು ಮಾಸ್ಕಿನಿಂದ. Masking ಒಳಗೆ Brush ತೆಗೆದುಕೊಂಡು, Feather 100, Flow 25 ಇಟ್ಟು, ಮೂಗಿನ ಕೆಳಗಿನ ನೆರಳಿನ ಮೇಲೆ ಮೂರ್ನಾಲ್ಕು ಸಲ ತೆಳುವಾಗಿ ಆಡಿಸಿ. ಬ್ರಷ್ ಮೆತ್ತಗಿರುವುದರಿಂದ ಅದು ಪಕ್ಕದ ಬಿಸಿಲಿನ ಚರ್ಮಕ್ಕೂ ತಾಗುತ್ತದೆ. ಹಾಗೇ ಬಿಟ್ಟು Exposure ಏರಿಸಿದರೆ ನೆರಳಿನ ಸುತ್ತ ಬಿಳಿ ಪ್ರಭಾವಳಿ ಮೂಡುತ್ತದೆ. ಎಡಿಟ್ ಮಾಡಿದ ಫೋಟೋ ದೂರದಿಂದಲೇ ಸಿಕ್ಕಿಬೀಳುವುದು ಈ ಪ್ರಭಾವಳಿಯಿಂದ. ಅದನ್ನು ತಡೆಯಲು ಅದೇ ಮಾಸ್ಕಿನ ಮೂರು ಚುಕ್ಕಿಯ ಮೆನುವಿನಲ್ಲಿ Intersect Mask With ಒತ್ತಿ Luminance Range ಆರಿಸಿ, ನೆರಳಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಈಗ ಮಾಸ್ಕ್ ಬ್ರಷ್ ಆಡಿಸಿದ ಜಾಗದಲ್ಲಿರುವ ಕಪ್ಪು ಭಾಗವನ್ನು ಮಾತ್ರ ಹಿಡಿಯುತ್ತದೆ, ಪಕ್ಕದ ಉರಿಬಿಸಿಲು ತಾನಾಗಿ ಹೊರಗುಳಿಯುತ್ತದೆ. ಆ ಪಟ್ಟಿಯ ಮೇಲಿನ ತುದಿಯನ್ನು ಸ್ವಲ್ಪ ಅಗಲಿಸಿ ಇಳಿಜಾರು ಮಾಡಿ, ಇಲ್ಲದಿದ್ದರೆ ಮಾಸ್ಕಿನ ಅಂಚೇ ಮತ್ತೊಂದು ಗೆರೆಯಾಗುತ್ತದೆ. ಆಮೇಲೆ ಆ ಮಾಸ್ಕಿನ Exposure ಅನ್ನು ನಿಧಾನವಾಗಿ ಏರಿಸುತ್ತ, ಸಂಖ್ಯೆ ನೋಡುತ್ತ ಹೋಗಿ. ಮೊದಲು ಇಟ್ಟ Shadows ಒಂದಿಷ್ಟು ಎತ್ತಿದೆ, ಮೊದಲಿಳಿಸಿದ Exposure ಒಂದಿಷ್ಟು ತಗ್ಗಿಸಿದೆ, ಹಾಗಾಗಿ ಸಾಮಾನ್ಯವಾಗಿ +1ರ ಸುತ್ತಮುತ್ತ ನಿಲ್ಲಿಸಿದರೆ 128ರ ಹತ್ತಿರ ಬಂದಿರುತ್ತದೆ.

ಆರೂ ಜನರ ಮೂಗಿನ ನೆರಳನ್ನು ಇದೇ ಒಂದು ಮಾಸ್ಕಿನಲ್ಲಿ ಬಳಿಯಬಹುದು. ಆದರೆ ಕಣ್ಣಿನ ಕುಳಿಗೆ ಬೇರೆ ಮಾಸ್ಕ್, ಗದ್ದಕ್ಕೆ ಬೇರೆ ಮಾಸ್ಕ್ ಮಾಡಿ. ಕಾರಣ, ಅವುಗಳ ಬಣ್ಣ ಬೇರೆ.

ಈಗ ಬಣ್ಣಕ್ಕೆ ಬರೋಣ. ಮೇಲಿನ ಅಂಕಿಗಳನ್ನೇ ಮತ್ತೆ ನೋಡಿ. ಬಿಸಿಲಿನ ಕೆನ್ನೆಯಲ್ಲಿ ಕೆಂಪು, ಹಸಿರು, ನೀಲಿ ಮೆಟ್ಟಿಲಿಳಿದ ಹಾಗೆ ಒಂದರ ಕೆಳಗೊಂದು ಇವೆ. ನೆರಳಲ್ಲಿ ಹಸಿರು 74, ನೀಲಿ 72, ಕೊನೆಯ ಮೆಟ್ಟಿಲೇ ಇಲ್ಲ. ಆಕಾಶ ತನ್ನ ನೀಲಿ ಸುರಿದು ಅದನ್ನು ತುಂಬಿಬಿಟ್ಟಿದೆ. ಬರೀ ಬೆಳಕು ಇಮ್ಮಡಿ ಮಾಡಿದರೆ ಇದು 128, 104, 101 ಆಗುತ್ತದೆ. ಬೆಳಕೇನೋ ಬಂತು, ಜೀವ ಬರಲಿಲ್ಲ. ಆ ಮಾಸ್ಕಿನಲ್ಲೇ Temp ಅನ್ನು ಬಲಕ್ಕೆ, +10ರಿಂದ ಶುರುಮಾಡಿ, ನೀಲಿ 88ರ ಆಸುಪಾಸಿಗೆ ಇಳಿಯುವವರೆಗೆ ತಳ್ಳಿ. ಕೆನ್ನೆಯ ಅನುಪಾತದ ಪ್ರಕಾರ ಅದು 82ಕ್ಕೆ ಇಳಿಯಬೇಕು, ಆದರೆ ನಾನು ಬೇಕೆಂದೇ ಸ್ವಲ್ಪ ಮೊದಲೇ ನಿಲ್ಲಿಸುತ್ತೇನೆ. ನೆರಳು ಬಿಸಿಲಿಗಿಂತ ತುಸು ತಣ್ಣಗಿರುವುದು ಕಣ್ಣಿಗೆ ರೂಢಿ, ಪೂರ್ತಿ ಸರಿಪಡಿಸಿದರೆ ಮೂಗಿನ ಕೆಳಗೆ ಕಿತ್ತಳೆ ಬಣ್ಣ ಹಚ್ಚಿದ ಹಾಗಾಗುತ್ತದೆ.

ಗದ್ದದ ಕೆಳಗೆ ಇದೇ ಮದ್ದು ಹಾಕಿದರೆ ಕೆಲಸ ಕೆಡುತ್ತದೆ. ಅಲ್ಲಿ ಹೆಚ್ಚಾಗಿರುವುದು ಹಸಿರು, ಕೆಂಪಿಗೆ ಹತ್ತಿರವಾಗಿ ನಿಂತಿರುತ್ತದೆ. Temp ಏರಿಸಿದರೆ ಹಸಿರು ಹೋಗಿ ಹಳದಿ ಬರುತ್ತದೆ, ಕಾಮಾಲೆ ಹಿಡಿದ ಕುತ್ತಿಗೆಯ ಹಾಗೆ. ಅಲ್ಲಿ Tint ಅನ್ನು ಬಲಕ್ಕೆ, ಅಂದರೆ ಮಜೆಂಟಾ ಕಡೆಗೆ, +8ರಿಂದ +12ರವರೆಗೆ ತಳ್ಳಿ, Temp ಅನ್ನು ಮುಟ್ಟಬೇಡಿ. ಕಾಂಕ್ರೀಟಿನ ಮೇಲೋ ಮರಳಿನ ಮೇಲೋ ನಿಂತಿದ್ದರೆ ಈ ಹಸಿರಿನ ತಾಪತ್ರಯವೇ ಇರುತ್ತಿರಲಿಲ್ಲ, ಬದಲಿಗೆ ಗದ್ದದ ಕೆಳಗೆ ಒಳ್ಳೆಯ ಬೆಳಕೇ ಸಿಗುತ್ತಿತ್ತು.

ಗದ್ದದ ನೆರಳಿನ ಬಗ್ಗೆ ನನ್ನ ಹಳೆಯ ತಪ್ಪೊಂದನ್ನು ಹೇಳಲೇಬೇಕು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಕುಟುಂಬದ ಫೋಟೋದಲ್ಲಿ ಎಲ್ಲರ ಗದ್ದದ ಕೆಳಗಿನ ಕತ್ತಲನ್ನೂ ಚೊಕ್ಕವಾಗಿ ತೊಳೆದು ಕೊಟ್ಟಿದ್ದೆ. ಚಿತ್ರ ನೋಡಿದ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ನಾನು ಇಷ್ಟು ದಪ್ಪ ಆಗಿದ್ದೀನೇನಪ್ಪಾ?" ಎಂದು ಕೇಳಿದರು. ಮುಖ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದೇ ಆ ನೆರಳು. ಅದನ್ನು ಅಳಿಸಿದರೆ ಎರಡೂ ಬೆಸೆದುಕೊಂಡು ಇಮ್ಮಡಿ ಗದ್ದ ಹುಟ್ಟುತ್ತದೆ. ಈಗ ನಾನು ಅದನ್ನು ಅರ್ಧ ಸ್ಟಾಪಿಗಿಂತ ಹೆಚ್ಚು ಎತ್ತುವುದಿಲ್ಲ, ಬಣ್ಣ ಸರಿಮಾಡಿ ಬಿಟ್ಟುಬಿಡುತ್ತೇನೆ. ಅಜ್ಜಿಯ ಮುಖದಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಕುತ್ತಿಗೆಯ ಸುಕ್ಕುಗಳು ನೆರಳಲ್ಲಿ ಅಡಗಿರುತ್ತವೆ, ಬೆಳಕು ಎತ್ತಿದಷ್ಟೂ ಹೊರಗೆ ಬರುತ್ತವೆ. ಆಗ ಅವನ್ನು ನುಣ್ಣಗೆ ಮಾಡಲು ಕೈ ತುರಿಸುತ್ತದೆ, ಮಾಡುತ್ತ ಮಾಡುತ್ತ ಅದು ಬೇರೆ ಯಾರದೋ ಅಜ್ಜಿಯಾಗುತ್ತದೆ.

ಕಣ್ಣಿನ ಕುಳಿಗೆ ಹೆಚ್ಚು ಧಾರಾಳವಾಗಿರಬಹುದು, ಏಕೆಂದರೆ ನೋಡುವವರ ದೃಷ್ಟಿ ಮೊದಲು ಹೋಗುವುದು ಅಲ್ಲಿಗೇ. ಹುಬ್ಬಿನ ಕೆಳಗಿನಿಂದ ಕೆನ್ನೆಯ ಮೂಳೆಯವರೆಗಿನ ಕುಳಿಯನ್ನು +1.2ರವರೆಗೂ ಏರಿಸಿ, Temp +8ರ ಸುತ್ತ ಇಡಿ. ಎರಡು ಕಡೆ ಕೈ ಬಿಗಿಹಿಡಿಯಬೇಕು. ಹುಬ್ಬು, ರೆಪ್ಪೆಗೂದಲಿಗೆ ಮಾಸ್ಕ್ ತಾಗಬಾರದು, ತಾಗಿದರೆ ಅವು ಧೂಳು ಹಿಡಿದಂತೆ ಕಾಣುತ್ತವೆ. ಸಣ್ಣ ಬ್ರಷ್ಷಿನಲ್ಲಿ Subtract ಮಾಡಿ ತೆಗೆಯಿರಿ. ಹಾಗೆಯೇ ಕಣ್ಣಿನ ಬಿಳಿ ಭಾಗವನ್ನು ಚರ್ಮಕ್ಕಿಂತ ಹೆಚ್ಚು ಎತ್ತಬೇಡಿ. ನಿಜವಾದ ಮೆದುಬೆಳಕಿನಲ್ಲೂ ಕಣ್ಣಿನ ಬಿಳಿ ಅಚ್ಚ ಬಿಳಿ ಇರುವುದಿಲ್ಲ, ರೆಪ್ಪೆ ಅದರ ಮೇಲೆ ಸದಾ ನೆರಳು ಹಾಸಿರುತ್ತದೆ. ಕಣ್ಣಗುಡ್ಡೆಯಲ್ಲಿ ಹೊಳಪಿನ ಚುಕ್ಕಿ ಇಲ್ಲವಲ್ಲ, ಬಿಳಿ ಚುಕ್ಕಿ ಇಡಲೇ ಎಂದು ಕೆಲವರು ಕೇಳುತ್ತಾರೆ. ನಾನು ಇಡುವುದಿಲ್ಲ. ಆರು ಜನರ ಹನ್ನೆರಡು ಕಣ್ಣಿನಲ್ಲಿ ಒಂದೇ ಜಾಗದಲ್ಲಿ, ಒಂದೇ ಗಾತ್ರದಲ್ಲಿ ಚುಕ್ಕಿ ಕೂರಿಸುವುದು ಕಷ್ಟ, ಒಂದು ತಪ್ಪಿದರೂ ಗೊಂಬೆಯ ಕಣ್ಣು. ಬೆಳಕು ಎತ್ತಿದ ಮೇಲೆ ಕೆಲವು ಕಣ್ಣಲ್ಲಿ ಹುಲ್ಲಿನದೋ ಎದುರಿಗಿದ್ದವರ ಬಟ್ಟೆಯದೋ ಮಸುಕು ಪ್ರತಿಬಿಂಬ ಕಾಣುತ್ತದೆ. ಇದ್ದರೆ ಅದನ್ನೇ ತುಸು ಹೊಳೆಯಿಸಿದರೆ ಸಾಕು.

ಉಳಿದದ್ದು ಅಂಚು, ನೀವು ಬ್ಲರ್ ಹಾಕಿ ಸೋತ ಜಾಗ. ಬ್ಲರ್ ನೆರಳಿನ ಗೆರೆಯನ್ನು ಮಾತ್ರ ಕರಗಿಸುವುದಿಲ್ಲ, ಜೊತೆಗಿರುವ ಚರ್ಮದ ರಂಧ್ರ, ಸಣ್ಣ ಕೂದಲನ್ನೂ ಕರಗಿಸುತ್ತದೆ. ಮೇಣ ಆಗುವುದು ಅದಕ್ಕೇ. ಬೆಳಕು ಮತ್ತು ಬಣ್ಣದ ಕೆಲಸ ಮುಗಿಸಿ ಚಿತ್ರವನ್ನು Camera Raw ಇಂದ ಫೋಟೋಶಾಪಿಗೆ 16 ಬಿಟ್‌ನಲ್ಲಿ ತೆರೆಯಿರಿ. ಮೇಲೊಂದು ಖಾಲಿ ಲೇಯರ್ ಹಾಕಿ, ಆ ಲೇಯರಿನ Blend Mode ಅನ್ನು Lighten ಮಾಡಿ. Clone Stamp ತೆಗೆದುಕೊಂಡು Mode ಅನ್ನು Normal, Opacity ಅನ್ನು 15%, Sample ಅನ್ನು Current & Below ಎಂದು ಇಡಿ. ಬ್ರಷ್ ಮೆತ್ತಗಿರಲಿ, ಗಾತ್ರ 8ರಿಂದ 10 ಪಿಕ್ಸೆಲ್. Alt ಒತ್ತಿ ಅಂಚಿನ ಪಕ್ಕದ ಬಿಸಿಲಿನ ಚರ್ಮದಿಂದ ಮಾದರಿ ತೆಗೆದು, ಗೆರೆಯ ಉದ್ದಕ್ಕೂ ನೆರಳಿನ ಬದಿಗೆ ಒಮ್ಮೆ ಎಳೆಯಿರಿ. ಮತ್ತೊಮ್ಮೆ ಅಲ್ಲಿಂದ ಹೊರಗೆ ಅರ್ಧ ಬ್ರಷ್ ಸರಿದು ಎಳೆಯಿರಿ. ಎರಡು ಮೂರು ಎಳೆತಕ್ಕೆ ಬ್ಲೇಡಿನ ಗೆರೆ ಐದಾರು ಪಿಕ್ಸೆಲ್ ಅಗಲದ ಇಳಿಜಾರಾಗುತ್ತದೆ. Lighten ಇರುವುದರಿಂದ ಮಾದರಿಗಿಂತ ಕಪ್ಪಗಿರುವ ಪಿಕ್ಸೆಲ್ ಮಾತ್ರ ಬದಲಾಗುತ್ತದೆ, ಬಿಸಿಲಿನ ಕಡೆಯ ಚರ್ಮಕ್ಕೆ ಹೆಚ್ಚು ಕಡಿಮೆ ಏನೂ ಆಗುವುದಿಲ್ಲ. ಚರ್ಮದಿಂದಲೇ ಮಾದರಿ ತೆಗೆದದ್ದರಿಂದ ರಂಧ್ರಗಳೂ ಜೊತೆಗೆ ಬರುತ್ತವೆ. ಮಾದರಿಯ ಜಾಗವನ್ನು ಆಗಾಗ ಬದಲಿಸುತ್ತಿರಿ, ಇಲ್ಲದಿದ್ದರೆ ಒಂದೇ ಮಚ್ಚೆ ಸಾಲಾಗಿ ಮೂರು ಕಡೆ ಕಾಣಿಸಿಕೊಳ್ಳುತ್ತದೆ.

ಇದನ್ನು ಮೂಗಿನ ನೆರಳಿಗೆ, ಕೆನ್ನೆಯ ಮೇಲೆ ಹುಬ್ಬುಮೂಳೆ ಬಿಟ್ಟ ಗೆರೆಗೆ ಮಾಡಿ. ಯಾರಾದರೂ ಕನ್ನಡಕ ಹಾಕಿದ್ದರೆ ಚೌಕಟ್ಟಿನ ನೆರಳು ಕೆನ್ನೆಯ ಮೇಲೆ ತೆಳುವಾಗಿ ಬಿದ್ದಿರುತ್ತದೆ. ಅದನ್ನು ಮೆದುಗೊಳಿಸುವ ಗೋಜಿಗೆ ಹೋಗದೆ ಪೂರ್ತಿ ಅಳಿಸಿಬಿಡುವುದೇ ಸುಲಭ, ಅದರ ಮೇಲೆ ಮುಖದ ಆಕಾರ ನಿಂತಿಲ್ಲ. ಒಬ್ಬರ ಮುಖಕ್ಕೆ ನನಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೊದಲ ಸಲ ನಿಮಗೆ ಅದರ ಎರಡರಷ್ಟು ಹಿಡಿದರೆ ಆಶ್ಚರ್ಯವಿಲ್ಲ.

ಆಗದ ಕೆಲಸವೂ ಇದೆ. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಮೂರೂ ಸಂಖ್ಯೆ 255 ಇದ್ದು, Highlights ಪೂರ್ತಿ ಇಳಿಸಿದರೂ ಅಲ್ಲಾಡದಿದ್ದರೆ ಅಲ್ಲಿ ಚರ್ಮದ ಮಾಹಿತಿಯೇ ದಾಖಲಾಗಿಲ್ಲ. ಬಲವಂತವಾಗಿ ಇಳಿಸಿದರೆ ಆ ಮಚ್ಚೆ ಸೀಮೆಸುಣ್ಣದ ಬೂದು ಬಣ್ಣಕ್ಕೆ ತಿರುಗುತ್ತದೆ. ಅಂಥ ಹೊಳಪು ಚಿಕ್ಕದಿದ್ದರೆ ಹಾಗೇ ಇರಲಿ, ಬಿಸಿಲಲ್ಲಿ ಮೂಗು ಹೊಳೆಯುವುದು ಸಹಜವೇ. ಇನ್ನು ಬಿಸಿಲಿಗೆ ಕಿರಿದಾದ ಕಣ್ಣು ಕಿರಿದೇ. ಕುಳಿಯಲ್ಲಿ ಬೆಳಕು ಬಂದ ಮೇಲೆ ಅದು ಇನ್ನೂ ಸ್ಪಷ್ಟವಾಗಿ ಕಾಣಬಹುದು. ಅದೇ ಹೊತ್ತಿನಲ್ಲಿ ತೆಗೆದ ಬೇರೆ ಕ್ಲಿಕ್ಕುಗಳಿದ್ದರೆ ಒಮ್ಮೆ ತಡಕಿ ನೋಡಿ, ಅಜ್ಜಿಯ ಕಣ್ಣು ಚೆನ್ನಾಗಿ ತೆರೆದಿರುವ ಚಿತ್ರ ಸಿಕ್ಕರೆ ಈ ಶ್ರಮವನ್ನು ಅದರ ಮೇಲೆ ಹಾಕುವುದು ಮೇಲು.

ನೆಲದ ಮೇಲಿನ ನೆರಳನ್ನು ಮುಟ್ಟಬೇಡಿ. ಕಾಲಬುಡದಲ್ಲಿ ಗಿಡ್ಡ, ಕಪ್ಪು ನೆರಳು ಬಿದ್ದಿದೆ, ಅದು ನೆತ್ತಿಯ ಮೇಲೆ ಸೂರ್ಯನಿದ್ದ ಎನ್ನುತ್ತದೆ. ಮುಖ ಮಾತ್ರ ಮೋಡ ಮುಸುಕಿದ ಸಂಜೆಯ ಹಾಗಿದ್ದರೆ ಜನರನ್ನು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಾರೆ. ಕೆನ್ನೆಗೂ ಮೂಗಿನ ಕೆಳಗಿನ ನೆರಳಿಗೂ ಎರಡೂವರೆ, ಮೂರು ಪಟ್ಟು ವ್ಯತ್ಯಾಸ ಉಳಿಸಿಕೊಳ್ಳಿ ಎಂದು ನಾನು ಹೇಳಿದ್ದು ಇದಕ್ಕಾಗಿಯೂ ಹೌದು.

ಕೆಲಸದ ನಡುವೆ ಚಿತ್ರವನ್ನು ಆಗಾಗ ಅಂಗೈಯಷ್ಟಕ್ಕೆ ಕುಗ್ಗಿಸಿ ನೋಡಿ. 200%ಗೆ ಹಿಗ್ಗಿಸಿಕೊಂಡು ಕೂತಾಗ ಎಲ್ಲವೂ ಸರಿ ಎನಿಸುತ್ತದೆ, ಕುಗ್ಗಿಸಿದ ಕೂಡಲೇ ಒಬ್ಬರ ಮುಖ ಉಳಿದವರಿಗಿಂತ ಬೆಳಗಿರುವುದು ಕಣ್ಣಿಗೆ ಹೊಡೆಯುತ್ತದೆ. ಒಂದು ಕ್ಷಣ ಕಪ್ಪುಬಿಳುಪಿಗೆ ತಿರುಗಿಸಿದರೆ ಅಳಿದುಳಿದ ಪ್ರಭಾವಳಿಗಳು ಇನ್ನೂ ಬೇಗ ಸಿಗುತ್ತವೆ. ಅಂಥ ಕಡೆ ಆ ಮಾಸ್ಕಿನ Exposure ಅನ್ನು 0.2 ಇಳಿಸಿ ನೋಡಿ, ಬಹುತೇಕ ಅಷ್ಟಕ್ಕೇ ಹೋಗುತ್ತದೆ.

ಅಜ್ಜಿಯ ನೆನಪಿಗೆ ಇದನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕುವ ಯೋಚನೆ ಇದ್ದರೆ, ಪೂರ್ತಿ ಚಿತ್ರ ಮುದ್ರಿಸುವ ಮೊದಲು ಅಜ್ಜಿಯ ಮುಖವಿರುವ ಭಾಗವನ್ನಷ್ಟೇ ಕತ್ತರಿಸಿ, ಅಂತಿಮ ಅಳತೆಯಲ್ಲೇ, ಅದೇ ಕಾಗದದ ಮೇಲೆ ಒಂದು ತುಂಡು ಹಾಕಿಸಿ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪರದೆಯ ಮೇಲೆ ಹದವಾಗಿದ್ದ ಕಣ್ಣಿನ ಕುಳಿ ಕಾಗದದ ಮೇಲೆ ಮತ್ತೆ ಕಪ್ಪಗಾಗುವುದು ಸಾಮಾನ್ಯ. ಹಾಗಾದರೆ ಕಣ್ಣಿನ ಮಾಸ್ಕನ್ನು ಇನ್ನೊಂದು 0.2 ಏರಿಸಿ, ಮೂಗು ಮತ್ತು ಗದ್ದವನ್ನು ಇದ್ದಲ್ಲೇ ಬಿಟ್ಟು, ಮತ್ತೊಂದು ತುಂಡು ಹಾಕಿಸಿ, ಫೋಟೋ ತೂಗುಹಾಕುವ ಗೋಡೆಗೇ ಹಿಡಿದು ನೋಡಿ.